ಬ್ಯಾಚ್ ನಿಲ್ಲುವುದನ್ನು ಕಲಿತ ಬಗೆ

1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಅದರ ಪಕ್ಕದಲ್ಲೇ ಇರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಡುವಿನ ಜಾಲ ಇದ್ದಕ್ಕಿದ್ದಂತೆ ಕುಸಿಯಿತು. ಎರಡು ಕಟ್ಟಡಗಳ ನಡುವಿನ ದೂರ ಸುಮಾರು 400 ಗಜ. ಅಷ್ಟು ಹತ್ತಿರದಲ್ಲಿ ಸೆಕೆಂಡಿಗೆ 32 ಸಾವಿರ ಬಿಟ್ ಹರಿಯುತ್ತಿದ್ದ ದಾರಿಯಲ್ಲಿ ಸೆಕೆಂಡಿಗೆ ಬರೀ 40 ಬಿಟ್ ಹರಿಯತೊಡಗಿತು. ತಂತಿ ತುಂಡಾಗಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ವ್ಯಾನ್ ಜೇಕಬ್ಸನ್ ಮತ್ತು ಮೈಕೆಲ್ ಕ್ಯಾರಲ್ಸ್ ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಕಳಿಸುವ ಕಡೆಯ ಹಟ. ಕಳಿಸಿದ್ದು ತಲುಪಿತೆಂಬ ಉತ್ತರ ಬಾರದಿದ್ದರೆ ಯಂತ್ರ ಅದನ್ನೇ ಮತ್ತೆ ಕಳಿಸುತ್ತಿತ್ತು. ಉತ್ತರ ಬಾರದಿರಲು ದಾರಿ ತುಂಬಿರುವುದೇ ಕಾರಣವಾಗಿದ್ದರೆ, ಮತ್ತೆ ಕಳಿಸಿದ್ದು ಅದೇ ದಾರಿಯನ್ನು ಇನ್ನಷ್ಟು ತುಂಬಿಸುತ್ತಿತ್ತು. 1988ರಲ್ಲಿ ಜೇಕಬ್ಸನ್ ಪ್ರಕಟಿಸಿದ ಪ್ರಬಂಧದಿಂದ ಇಂಟರ್ನೆಟ್ಟಿನ ಯಂತ್ರಗಳು ಹಿಂಜರಿಯುವುದನ್ನು ಕಲಿತವು: ಪೆಟ್ಟು ಬಿದ್ದ ಕೂಡಲೇ ವೇಗ ತಗ್ಗಿಸು, ದಾರಿ ತೆರೆದಿದೆ ಎಂದು ಗೊತ್ತಾದಂತೆಲ್ಲ ಸ್ವಲ್ಪ ಸ್ವಲ್ಪವೇ ಏರಿಸು.

ಜಾಲ ಕಲಿತ ಈ ಪಾಠವನ್ನು ಅದರ ಮೇಲೆ ಓಡುವ ತಂತ್ರಾಂಶಗಳು ಬಹಳ ಕಾಲ ಕಲಿಯಲಿಲ್ಲ. ಅದರಲ್ಲೂ ರಾತ್ರಿ ಹೊತ್ತು ತಾನೇ ಎದ್ದು ಸಾವಿರಾರು ಕಡತ, ಸಂದೇಶ, ಬಿಲ್ಲುಗಳನ್ನು ಇನ್ನೊಂದು ಸರ್ವಿಸ್‌ಗೆ ರವಾನಿಸುವ ಬ್ಯಾಚ್ ಜಾಬ್‌ಗಳು ಕಲಿತದ್ದು ತೀರ ತಡವಾಗಿ, ಅದೂ ಒಂದೊಂದು ಕಡೆ ಒಂದೊಂದು ತಂಡ ಪ್ರತ್ಯೇಕವಾಗಿ ಕಂಡುಕೊಂಡು. ಬೆಂಗಳೂರಿನ ಅಂಥ ಒಂದು ತಂಡದಲ್ಲಿ ನಾನಿದ್ದೆ. ಅಲ್ಲಿ ಅದು ಹೇಗೆ ಸಿಕ್ಕಿತೆಂಬುದನ್ನು ಬರೆಯುತ್ತಿದ್ದೇನೆ. ಪುಸ್ತಕದಲ್ಲಿರುವ ಉಪಾಯವನ್ನು ಇದ್ದಂತೆಯೇ ತಂದು ಕೂರಿಸಿದರೆ ಬ್ಯಾಚ್‌ಗೆ ಅದು ಒಗ್ಗುವುದಿಲ್ಲ. ಎಲ್ಲಿ ಒಗ್ಗುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ವಿಷಯ.

ಪುಸ್ತಕ ಎಂದದ್ದು ಮೈಕೆಲ್ ನೈಗಾರ್ಡ್ 2007ರಲ್ಲಿ ಬರೆದ ‘ರಿಲೀಸ್ ಇಟ್!’. ಅದರ ಆರಂಭದಲ್ಲೇ ಒಂದು ವಿಮಾನ ಸಂಸ್ಥೆಯ ಕತೆ ಬರುತ್ತದೆ. ಡೇಟಾಬೇಸನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಬದಲಿಸಿದಾಗ, ಕೋಡಿನ ಒಂದು ಮೂಲೆಯಲ್ಲಿ ಯಾರೂ ಎಣಿಸದಿದ್ದ ತಪ್ಪು ಎದ್ದಿತು. ಅದರಿಂದಾಗಿ ಡೇಟಾಬೇಸ್ ಸಂಪರ್ಕಗಳು ಒಂದೊಂದಾಗಿ ಸೋರಿಹೋದವು. ಆ ಕೋಡ್ ಓಡುತ್ತಿದ್ದ ಸರ್ವರನ್ನು ಕೇಳುತ್ತಿದ್ದ ಇತರ ಸರ್ವರ್‌ಗಳು ಉತ್ತರಕ್ಕಾಗಿ ಕಾಯುತ್ತ ನಿಂತುಬಿಟ್ಟವು. ಕೊನೆಗೆ ವಿಮಾನ ನಿಲ್ದಾಣಗಳ ಚೆಕ್‌-ಇನ್ ಯಂತ್ರಗಳೂ ಸ್ತಬ್ಧವಾದವು. ನೈಗಾರ್ಡ್ ಒತ್ತಿ ಹೇಳಿದ್ದು ಈ ಹಬ್ಬುವ ಗುಣವನ್ನು. ಒಂದು ಕಡೆಯ ಸಾವನ್ನು ಉಳಿದೆಡೆಗೆ ಹೊತ್ತೊಯ್ಯುವುದು ಕಾಯುವಿಕೆ. ಅದಕ್ಕೆ ಅವರು ಅದೇ ಪುಸ್ತಕದಲ್ಲಿ ಕೊಟ್ಟ ಮದ್ದುಗಳಲ್ಲಿ ಒಂದು ಸರ್ಕ್ಯೂಟ್ ಬ್ರೇಕರ್. ಮನೆಯ ಮೀಟರ್ ಪಕ್ಕದ ಎಂಸಿಬಿ ಹೇಗೆ ಕರೆಂಟು ಮಿತಿಮೀರಿದಾಗ ತಾನೇ ಬಿದ್ದು ತಂತಿಯನ್ನು ಕಾಪಾಡುತ್ತದೋ, ಹಾಗೆ ಎದುರಿನ ಸರ್ವಿಸ್ ಮತ್ತೆ ಮತ್ತೆ ಸೋಲುತ್ತಿದ್ದರೆ ಈ ತುಂಡು ಕೋಡ್ ಬೀಳುತ್ತದೆ. ಬಿದ್ದ ಮೇಲೆ ಬರುವ ಕರೆಗಳನ್ನು ಅದು ಮುಂದಕ್ಕೆ ಬಿಡುವುದೇ ಇಲ್ಲ, ಆಗಿಂದಾಗಲೇ ‘ಆಗದು’ ಎಂದು ಹಿಂದಿರುಗಿಸುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಒಂದು ಕರೆಯನ್ನು ಮಾತ್ರ ಪರೀಕ್ಷೆಗೆಂದು ಬಿಡುತ್ತದೆ. ಅದು ಗೆದ್ದರೆ ದಾರಿ ತೆರೆಯುತ್ತದೆ, ಸೋತರೆ ಮತ್ತೆ ಕಾಯುತ್ತದೆ.

2012ರಲ್ಲಿ ನೆಟ್‌ಫ್ಲಿಕ್ಸ್ ತನ್ನ ಹಿಸ್ಟ್ರಿಕ್ಸ್ ಲೈಬ್ರರಿಯನ್ನು ಎಲ್ಲರಿಗೂ ತೆರೆದಿಟ್ಟ ಮೇಲೆ ಈ ಉಪಾಯ ಮನೆಮಾತಾಯಿತು. ಅದರಲ್ಲಿ ಮೊದಲೇ ತುಂಬಿಟ್ಟಿದ್ದ ಅಂಕಿಗಳನ್ನು ನೋಡಿದರೆ ಅದು ಯಾರಿಗಾಗಿ ಹುಟ್ಟಿತೆಂಬುದು ತಿಳಿಯುತ್ತದೆ. 10 ಸೆಕೆಂಡಿನಲ್ಲಿ ಕನಿಷ್ಠ 20 ಕರೆ ಬಂದು ಅದರಲ್ಲಿ ಅರ್ಧದಷ್ಟು ಸೋತರೆ ಬ್ರೇಕರ್ ಬೀಳುತ್ತದೆ, 5 ಸೆಕೆಂಡು ಕಳೆದ ಮೇಲೆ ಒಂದು ಕರೆಯನ್ನು ಬಿಟ್ಟು ನೋಡುತ್ತದೆ. ಪರದೆಯ ಮುಂದೆ ಒಬ್ಬರು ಕಾಯುತ್ತ ಕೂತಿದ್ದಾರೆ, ಅವರನ್ನು ಅರೆನಿಮಿಷ ಕೂರಿಸುವುದಕ್ಕಿಂತ ಬೇಗ ಇಲ್ಲವೆಂದು ಹೇಳಿ, ಸಾಧ್ಯವಾದರೆ ಹಳೆಯ ಪಟ್ಟಿಯನ್ನಾದರೂ ತೋರಿಸುವುದು ಮೇಲು ಎಂಬ ಲೆಕ್ಕ ಅದು. ಬ್ಯಾಚ್‌ನ ಮುಂದೆ ಯಾರೂ ಕೂತಿರುವುದಿಲ್ಲ. ಈ ಒಂದು ವ್ಯತ್ಯಾಸದ ಬೆಲೆ ಎಷ್ಟೆಂದು ನಮಗೆ ಆಮೇಲೆ ಗೊತ್ತಾಯಿತು.

ನಮ್ಮ ಬ್ಯಾಚ್‌ನ ಕೆಲಸ ಸರಳವಾದದ್ದು. ವಿಮೆಯ ಕಂತು ಕಟ್ಟಬೇಕಾದವರಿಗೆ ನೆನಪಿನ ಸಂದೇಶ ಕಳಿಸುವುದು. ರಾತ್ರಿ 1 ಗಂಟೆಗೆ ಕ್ರಾನ್ ಅದನ್ನು ಎಬ್ಬಿಸುತ್ತಿತ್ತು. ಆ ದಿನದ ಪಟ್ಟಿಯನ್ನು ಡೇಟಾಬೇಸಿನಿಂದ ಎತ್ತಿಕೊಂಡು, ಪ್ರತಿಯೊಂದನ್ನೂ ಸಂದೇಶ ಕಳಿಸುವ ಬೇರೊಂದು ಸರ್ವಿಸ್‌ಗೆ ಒಪ್ಪಿಸಬೇಕು, ಅಷ್ಟೇ. ಆ ಸರ್ವಿಸ್ ಕೈಕೊಟ್ಟರೆ ಏನಾಗುತ್ತದೆಂದು ಒಂದು ಲೆಕ್ಕ ಹಾಕಿ ನೋಡಿ. ಪಟ್ಟಿಯಲ್ಲಿ 24,000 ಹೆಸರು, ಏಕಕಾಲಕ್ಕೆ ಓಡುವ 10 ವರ್ಕರ್‌ಗಳು, ಪ್ರತಿ ಕರೆಗೆ 30 ಸೆಕೆಂಡಿನ ಟೈಮ್‌ಔಟ್, ಸೋತರೆ ಇನ್ನೂ 3 ಸಲ ಪ್ರಯತ್ನ ಎಂದಿಟ್ಟುಕೊಳ್ಳಿ. ಸರ್ವಿಸ್ ಉತ್ತರವನ್ನೇ ಕೊಡದಿದ್ದರೆ ಒಂದು ಹೆಸರಿಗೆ 4 ಪ್ರಯತ್ನ, ಎಂದರೆ 120 ಸೆಕೆಂಡು. 24,000 ಹೆಸರನ್ನು 10 ವರ್ಕರ್‌ಗಳಿಗೆ ಹಂಚಿದರೆ ಒಬ್ಬೊಬ್ಬರ ಪಾಲಿಗೆ 2,400. ಒಟ್ಟು 2,88,000 ಸೆಕೆಂಡು, ಅಂದರೆ 80 ಗಂಟೆ. ಬೆಳಗಾಗುವುದರೊಳಗೆ ಮುಗಿಯಬೇಕಾದ ಕೆಲಸ ಮೂರು ದಿನ ದಾಟಿಯೂ ಮುಗಿಯುವುದಿಲ್ಲ. ಅಷ್ಟರಲ್ಲಿ ಮರುದಿನ ರಾತ್ರಿ 1 ಗಂಟೆಗೆ ಕ್ರಾನ್ ಇನ್ನೊಂದು ಬ್ಯಾಚನ್ನು ಎಬ್ಬಿಸುತ್ತದೆ. ಈಗ ಎರಡು ಬ್ಯಾಚ್, 20 ವರ್ಕರ್‌ಗಳು, ಎಲ್ಲರೂ ಬಡಿಯುತ್ತಿರುವುದು ಅದೇ ಮುಚ್ಚಿದ ಬಾಗಿಲನ್ನು.

ಸಂದೇಶ ಸರ್ವಿಸ್‌ನವರಿಗೆ ಆ ಬಡಿತ ಹೇಗೆ ಕಾಣುತ್ತದೆ ಎಂಬುದನ್ನೂ ನೋಡಬೇಕು. ಅವರು ಸರ್ವರನ್ನು ಹೊಸದಾಗಿ ಎಬ್ಬಿಸಿರುತ್ತಾರೆ. ಅದರ ಕ್ಯಾಷ್ ಖಾಲಿ, ಡೇಟಾಬೇಸ್ ಸಂಪರ್ಕಗಳು ಇನ್ನೂ ಕಟ್ಟಿಕೊಳ್ಳುತ್ತಿವೆ. ಆ ಹೊತ್ತಿಗೇ ಎಲ್ಲ ವರ್ಕರ್‌ಗಳೂ ತಮ್ಮ ಮರುಪ್ರಯತ್ನಗಳನ್ನು ತಂದು ಸುರಿದರೆ ಅದು ಏಳುತ್ತಲೇ ಮತ್ತೆ ಬೀಳುತ್ತದೆ. 1986ರಲ್ಲಿ ಬರ್ಕ್ಲಿಯಲ್ಲಿ ನಡೆದದ್ದೇ ಇದು, ಬೇರೆ ವೇಷದಲ್ಲಿ. ಮೂಲ ದೋಷ ಹೋದ ಮೇಲೂ ಕುಸಿತ ಉಳಿದಿರುತ್ತದೆ, ಏಕೆಂದರೆ ಅದನ್ನು ಉಳಿಸಿಕೊಂಡಿರುವುದು ಮರುಪ್ರಯತ್ನಗಳು. ಇದನ್ನು ಗುರುತಿಸುವ ಬಗೆ ಸುಲಭ: ಬ್ಯಾಚನ್ನು ಕೈಯಿಂದ ನಿಲ್ಲಿಸಿದ ಕೂಡಲೇ ಎದುರಿನ ಸರ್ವಿಸ್ ಚೇತರಿಸಿಕೊಂಡರೆ, ಅದನ್ನು ಬೀಳಿಸುತ್ತಿದ್ದುದು ಬ್ಯಾಚೇ.

ಹೀಗಾಗಿ ನಮ್ಮಲ್ಲಿ ಸರ್ಕ್ಯೂಟ್ ಬ್ರೇಕರ್ ಬಂತು. ಸಿದ್ಧ ಲೈಬ್ರರಿಯೊಂದನ್ನು ತಂದು, ಕಳಿಸುವ ಕರೆಗೆ ಸುತ್ತಿದೆವು. ಪರೀಕ್ಷೆಯಲ್ಲಿ ಎಲ್ಲ ಚೆನ್ನಾಗಿತ್ತು. ಎದುರಿನ ಸರ್ವರನ್ನು ನಿಲ್ಲಿಸಿದರೆ ಬ್ರೇಕರ್ ಬೀಳುತ್ತಿತ್ತು, ಬ್ಯಾಚ್ ಕಾಯದೆ ಮುಗಿಯುತ್ತಿತ್ತು. ನಿಜವಾದ ರಾತ್ರಿಯಲ್ಲೂ ಅದು ಹಾಗೆಯೇ ಮಾಡಿತು, ತೊಂದರೆ ಹುಟ್ಟಿದ್ದೂ ಅಲ್ಲೇ. ಬಿದ್ದ ಬ್ರೇಕರ್ ಒಂದು ಕರೆಯನ್ನು ತಿರಸ್ಕರಿಸಲು ಒಂದು ಮಿಲಿಸೆಕೆಂಡೂ ಬೇಡ. 24,000 ಹೆಸರುಗಳಿದ್ದರೆ ಒಂದೊಂದಕ್ಕೆ ಡೇಟಾಬೇಸಿನಲ್ಲಿ `FAILED` ಎಂದು ಬರೆಯುವ ಸಮಯ ಸೇರಿಸಿದರೂ ಕೆಲವೇ ನಿಮಿಷಗಳಲ್ಲಿ ಇಡೀ ಪಟ್ಟಿ ಮುಗಿದುಹೋಗುತ್ತದೆ. ಎದುರಿನ ಸರ್ವಿಸ್ ಸ್ವಲ್ಪ ಹೊತ್ತಿಗೆ ಎದ್ದು ಕೂತಿತ್ತು. ಆದರೆ ಕಳಿಸಲು ಇತ್ತ ಯಾರೂ ಉಳಿದಿರಲಿಲ್ಲ. ಬ್ಯಾಚ್ ತನ್ನ ಕೆಲಸ ‘ಮುಗಿಸಿ’ ಮಲಗಿತ್ತು, ಪಟ್ಟಿಯ ಬಹುಪಾಲು ಸೋತವರ ಸಾಲಿನಲ್ಲಿತ್ತು.

ಬೆಳಿಗ್ಗೆ ಆ ಸಾಲನ್ನು ಕೈಯಿಂದ ಎತ್ತಿ ಮತ್ತೆ ಓಡಿಸಬೇಕಾದ ಕೆಲಸ ಆಪರೇಷನ್ಸ್ ವಿಭಾಗದ ಸಹೋದ್ಯೋಗಿಯೊಬ್ಬರದು. ಸೋತವರಲ್ಲಿ ಮೂರು ಬಗೆಯವರು ಬೆರೆತುಹೋಗಿದ್ದರು. ಫೋನ್ ನಂಬರೇ ತಪ್ಪಿದ್ದವರು, ಟೈಮ್‌ಔಟ್ ಆದವರು, ಮತ್ತು ಪ್ರಯತ್ನವನ್ನೇ ಕಾಣದವರು. ಮೂವರಿಗೂ ಒಂದೇ ಹಣೆಪಟ್ಟಿ. ಆ ಸಹೋದ್ಯೋಗಿ ಲಾಗ್ ತೆರೆದಿಟ್ಟುಕೊಂಡು ಕೇಳಿದ ಪ್ರಶ್ನೆ ನನಗೆ ಇನ್ನೂ ಹಾಗೆಯೇ ಕೇಳಿಸುತ್ತದೆ: “ಸರ್, ಆ ಸರ್ವರ್ ಬಿದ್ದಿದೆ ಅಂತ ಇಪ್ಪತ್ತನೇ ಹೆಸರಿಗೇ ಗೊತ್ತಾಗಿದೆಯಲ್ಲ. ಆಮೇಲೆ ಉಳಿದವರನ್ನ ಯಾಕೆ ಮುಟ್ಟಬೇಕಿತ್ತು? ಅವರದ್ದೇನೂ ತಪ್ಪಾಗಿಲ್ಲ, ಅವರ ಸರದಿಯೇ ಬಂದಿಲ್ಲ.”

ನಮ್ಮ ಆವಿಷ್ಕಾರ ಎನ್ನುವುದಿದ್ದರೆ ಅದು ಆ ಮಾತಿನಲ್ಲಿತ್ತು. ಪರದೆಯ ಮುಂದೆ ಕೂತವರಿಗೆ ಬೇಗ ಇಲ್ಲವೆನ್ನುವುದು ಉಪಕಾರ. ಬ್ಯಾಚ್‌ನಲ್ಲಿ ಬೇಗ ಇಲ್ಲವೆನ್ನುವುದು ಮುಂದಿನ ಹೆಸರನ್ನು ಅಷ್ಟೇ ಬೇಗ ಸೋಲಿಗೆ ದೂಡುವುದು. ಬ್ಯಾಚ್‌ಗೆ ಇರುವ ದೊಡ್ಡ ಅನುಕೂಲವೆಂದರೆ ಅದಕ್ಕೆ ಕಾಯಲು ಬರುತ್ತದೆ. ಬ್ರೇಕರ್ ಬಿದ್ದಾಗ ಕರೆಯನ್ನಷ್ಟೇ ತಡೆದರೆ ಸಾಲದು, ಪಟ್ಟಿಯ ಮೇಲೆ ಓಡುತ್ತಿರುವ ಕೈಯೇ ನಿಲ್ಲಬೇಕು. ಮುಟ್ಟದ ಹೆಸರು ಮುಟ್ಟದೆಯೇ ಉಳಿಯಬೇಕು. ಬದಲಾದ ಕೋಡ್ ಹೆಚ್ಚುಕಮ್ಮಿ ಹೀಗಿತ್ತು:

```python
for item in pending_items():
    if not breaker.allow():
        break
    try:
        send(item)
        mark(item, "SENT")
        breaker.success()
    except BadRecord:
        mark(item, "REJECTED")
    except ServiceDown:
        breaker.failure()
```

ಮೊದಲಿನ ಕೋಡಿನಲ್ಲಿ ಈ `break` ಇರುವ ಜಾಗದಲ್ಲಿ `FAILED` ಎಂದು ಗುರುತು ಹಾಕಿ `continue` ಎನ್ನುವ ಸಾಲುಗಳಿದ್ದವು. ಈಗ ಎದುರಿನ ಸರ್ವಿಸ್ ಬಿದ್ದಿದ್ದರೆ ಆ ಹೆಸರಿಗೆ ಯಾವ ಗುರುತೂ ಬೀಳುವುದಿಲ್ಲ, ಅದು `PENDING` ಆಗಿಯೇ ಇರುತ್ತದೆ. ಸೋತದ್ದು ಸರ್ವಿಸ್, ಹೆಸರಲ್ಲ. ಕರೆಯೊಳಗಿನ ಮರುಪ್ರಯತ್ನಗಳನ್ನೂ ತೆಗೆದುಹಾಕಿದೆವು. ಪ್ರತಿ ಹೆಸರೂ ನಾಲ್ಕು ಸಲ ಸೋತ ಮೇಲಷ್ಟೇ ಬ್ರೇಕರ್ ಅದನ್ನು ಎಣಿಸುವುದಾದರೆ, ಅದು ಬೀಳಲು ಬೇಕಾದ 20 ಸೋಲನ್ನು 10 ವರ್ಕರ್‌ಗಳು ಕೂಡಿಸಲು 4 ನಿಮಿಷ ಬೇಕು. ಪ್ರತಿ ಪ್ರಯತ್ನವನ್ನೂ ಎಣಿಸಿದರೆ 30 ಸೆಕೆಂಡಿನ ಎರಡು ಸುತ್ತು, ಎಂದರೆ 1 ನಿಮಿಷ ಸಾಕು.

ನಿಲ್ಲುವುದೇನೋ ಬಂತು. ಮತ್ತೆ ಏಳುವುದು ಬೇರೆಯೇ ಸಮಸ್ಯೆ. ಲೈಬ್ರರಿಯ ಬ್ರೇಕರ್ ತನ್ನ ನೆನಪನ್ನು ಪ್ರೋಗ್ರಾಮಿನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಹಗಲೂ ರಾತ್ರಿ ಓಡುವ ವೆಬ್ ಸರ್ವರ್‌ಗೆ ಅದು ಸರಿ. ಕ್ರಾನ್ ಎಬ್ಬಿಸುವ ಬ್ಯಾಚ್ ಮುಗಿದಾಗ ಆ ನೆನಪೂ ಮುಗಿಯುತ್ತದೆ. ಉಳಿದ ಹೆಸರುಗಳಿಗಾಗಿ ಬ್ಯಾಚನ್ನು 5 ನಿಮಿಷಕ್ಕೊಮ್ಮೆ ಎಬ್ಬಿಸಿದರೆ, ಪ್ರತಿ ಸಲವೂ ಅದು ಏನೂ ಅರಿಯದ ಹಾಗೆ ಎದ್ದು, 20 ಸೋಲುಗಳನ್ನು ಹೊಸದಾಗಿ ಎಣಿಸಿ, ಆಮೇಲೆ ನಿಲ್ಲುತ್ತದೆ. ಹಾಗಾಗಿ ಬ್ರೇಕರ್‌ನ ಸ್ಥಿತಿಯನ್ನು ಡೇಟಾಬೇಸಿನ ಒಂದು ಸಾಲಿನಲ್ಲಿ ಬರೆದಿಡಬೇಕಾಯಿತು. ಅಲ್ಲಿ ಬೇಕಾದದ್ದು ಮುಖ್ಯವಾಗಿ ಎರಡು ಸಂಗತಿ: ಬಿದ್ದಿದೆಯೇ, ಮತ್ತು ಮುಂದಿನ ಪರೀಕ್ಷೆ ಯಾವಾಗ.

ಪರೀಕ್ಷೆ ಮಾಡುವವರು ಒಬ್ಬರೇ ಇರಬೇಕು. ಸಮಯ ಬಂತೆಂದು 10 ವರ್ಕರ್‌ಗಳೂ ಒಟ್ಟಿಗೆ ನುಗ್ಗಿದರೆ ಅದು ಪರೀಕ್ಷೆಯಲ್ಲ, ದಾಳಿ. ಆ ಒಬ್ಬರನ್ನು ಆರಿಸಲು ಪೋಸ್ಟ್‌ಗ್ರೆಸ್‌ನಲ್ಲಿ ಈ ಒಂದು ಹೇಳಿಕೆ ಸಾಕಾಯಿತು:

```sql
UPDATE breaker
SET retry_at = now() + interval '5 minutes'
WHERE name = 'reminder'
  AND state = 'OPEN'
  AND retry_at <= now();
```

ಇದನ್ನು ಎಲ್ಲ ವರ್ಕರ್‌ಗಳೂ ಓಡಿಸಬಹುದು. ಮೊದಲು ತಲುಪಿದವರಿಗೆ ಒಂದು ಸಾಲು ಬದಲಾಯಿತೆಂಬ ಉತ್ತರ ಬರುತ್ತದೆ. ಅವರು ಒಂದು ಹೆಸರನ್ನು ಕಳಿಸಿ ನೋಡುತ್ತಾರೆ. ಉಳಿದವರು ಬರುವಷ್ಟರಲ್ಲಿ `retry_at` ಮುಂದಕ್ಕೆ ಹೋಗಿರುತ್ತದೆ, ಅವರಿಗೆ ಸೊನ್ನೆ ಎಂಬ ಉತ್ತರ. ನಾವು ಮೊದಲು ಇಲ್ಲಿ ಸ್ಥಿತಿಯನ್ನು `HALF_OPEN` ಎಂದು ಬದಲಿಸುವ ಯೋಚನೆಯಲ್ಲಿದ್ದೆವು, ಪುಸ್ತಕದ ಚಿತ್ರದಲ್ಲಿ ಹಾಗೆಯೇ ಇದೆ. ಆದರೆ ಪರೀಕ್ಷೆಗೆ ಹೋದ ವರ್ಕರ್ ನಡುವೆಯೇ ಸತ್ತರೆ ಆ ಅರೆತೆರೆದ ಸ್ಥಿತಿ ಹಾಗೆಯೇ ಉಳಿದು, ಬ್ಯಾಚ್ ಎಂದೆಂದಿಗೂ ನಿಂತುಬಿಡುತ್ತದೆ. ಸಮಯವನ್ನಷ್ಟೇ ಮುಂದೂಡಿದರೆ ಆ ಭಯವಿಲ್ಲ. ಸತ್ತವರ ಜಾಗಕ್ಕೆ 5 ನಿಮಿಷದ ಮೇಲೆ ಇನ್ನೊಬ್ಬರು ಹೋಗುತ್ತಾರೆ. ಪರೀಕ್ಷೆ ಗೆದ್ದ ಮೇಲೂ ಎಲ್ಲರನ್ನೂ ಒಮ್ಮೆಲೇ ಬಿಡುವುದಿಲ್ಲ. ಮೊದಲು ಒಬ್ಬ ವರ್ಕರ್, ಒಂದಷ್ಟು ಹೆಸರು ಸಲೀಸಾಗಿ ಹೋದ ಮೇಲೆ ಇನ್ನಿಬ್ಬರು, ಹೀಗೆ. ಜೇಕಬ್ಸನ್ ಜಾಲಕ್ಕೆ ಹೇಳಿಕೊಟ್ಟ ನಡಿಗೆ ಇಲ್ಲೂ ಹೊಂದಿಕೊಂಡಿತು.

ಅತಿ ಹೆಚ್ಚು ತಲೆ ಕೆಡಿಸಿದ್ದು ಯಾವ ಸೋಲನ್ನು ಎಣಿಸಬೇಕು ಎಂಬುದು. ನಂಬರಿನಲ್ಲಿ ಒಂದು ಅಂಕಿ ಕಡಿಮೆಯಿದ್ದರೆ ಸರ್ವಿಸ್ 400 ಎಂದು ತಿರುಗಿಸುತ್ತದೆ. ಅದು ಆ ಒಂದು ಹೆಸರಿನ ದೋಷ, ಸರ್ವಿಸ್ ಆರೋಗ್ಯವಾಗಿದೆ ಎಂಬುದಕ್ಕೆ ಸಾಕ್ಷಿ ಕೂಡ. ಇಂಥವನ್ನು ಎಣಿಸಿದರೆ, ಹಳೆಯ ಕಡತದಿಂದ ಬಂದ ಕೆಟ್ಟ ನಂಬರುಗಳು ಒಂದೇ ಕಡೆ ಸಾಲಾಗಿ ಬಂದಾಗ ಬ್ರೇಕರ್ ಸುಮ್ಮನೆ ಬೀಳುತ್ತದೆ. 500, 503, ಟೈಮ್‌ಔಟ್, ಸಂಪರ್ಕವೇ ಆಗದಿರುವುದು, ಇವು ಸರ್ವಿಸ್‌ನ ಸೋಲು. 429 ಎಂದರೆ ‘ನಿಧಾನ ಮಾಡು’ ಎಂಬ ಕೋರಿಕೆ, ಅದಕ್ಕೂ ಹೆಸರಿಗೂ ಸಂಬಂಧವಿಲ್ಲ. ಇಷ್ಟು ವಿಂಗಡಣೆ ಸುಲಭವೇ. ಕಣ್ಣು ತಪ್ಪಿಸುವುದು 401. ಸರ್ವಿಸ್ ಕೊಟ್ಟ ಕೀಲಿಯ ಅವಧಿ ಮುಗಿದಾಗ ಬರುವ ಉತ್ತರವದು. ಅಂಕಿ ನಾಲ್ಕುನೂರರ ಮನೆಯದಾದ್ದರಿಂದ ಕೋಡ್ ಅದನ್ನು ಹೆಸರಿನ ದೋಷವೆಂದು ಬಗೆದು, ಒಳ್ಳೆಯ ಹೆಸರುಗಳನ್ನೆಲ್ಲ `REJECTED` ಎಂದು ಬರೆಯುತ್ತ ಹೋಗುತ್ತದೆ, ಬ್ರೇಕರ್ ಮಾತ್ರ ನೆಟ್ಟಗೆ ನಿಂತಿರುತ್ತದೆ. ಹಾಗಾಗಿ ನಾವು ಕೇಳಿಕೊಳ್ಳುವ ಪ್ರಶ್ನೆಯನ್ನೇ ಬದಲಿಸಿದೆವು. ತಪ್ಪು ಯಾರದು ಎಂದಲ್ಲ, ಮುಂದಿನ ಹೆಸರಿಗೂ ಇದೇ ಉತ್ತರ ಬರುತ್ತದೆಯೇ ಎಂದು. ಬರುತ್ತದೆ ಎಂದಾದರೆ ನಿಲ್ಲಬೇಕು. 401ಕ್ಕೆ 20 ಸೋಲು ಎಣಿಸುವ ಅಗತ್ಯವೂ ಇಲ್ಲ. ಒಂದೇ ಸಾಕು, ಮತ್ತು ಅಲ್ಲಿ ಕಾದರೆ ಗುಣವಾಗುವುದಿಲ್ಲ, ಮನುಷ್ಯರೊಬ್ಬರು ಹೊಸ ಕೀಲಿ ಹಾಕಬೇಕು.

ಟೈಮ್‌ಔಟ್ ಆದ ಹೆಸರುಗಳಲ್ಲಿ ಇನ್ನೊಂದು ತೊಡಕಿದೆ. ಉತ್ತರ ಬರಲಿಲ್ಲ ಎಂದಮಾತ್ರಕ್ಕೆ ಸಂದೇಶ ಹೋಗಲಿಲ್ಲ ಎಂದಲ್ಲ. ಸರ್ವಿಸ್ ಅದನ್ನು ಕಳಿಸಿದ ಮೇಲೆ ಉತ್ತರ ಹೇಳುವ ಮೊದಲು ಬಿದ್ದಿರಬಹುದು. ನಿಂತು ಮತ್ತೆ ಏಳುವ ಬ್ಯಾಚ್ ಆ ಹೆಸರಿನವರಿಗೆ ಎರಡನೆಯ ಸಲ ಕಳಿಸುತ್ತದೆ. ಪಾಲಿಸಿ ನಂಬರು ಮತ್ತು ಕಂತಿನ ದಿನಾಂಕ ಸೇರಿಸಿ ಪ್ರತಿ ಸಂದೇಶಕ್ಕೆ ಬದಲಾಗದ ಗುರುತೊಂದನ್ನು ಕೊಟ್ಟೆವು. ಅದೇ ಗುರುತು ಮತ್ತೆ ಬಂದರೆ ಸರ್ವಿಸ್ ಹೊಸದಾಗಿ ಕಳಿಸದೆ ಹಳೆಯ ಉತ್ತರವನ್ನೇ ಕೊಡಬೇಕು ಎಂದು ಎದುರಿನ ತಂಡದೊಂದಿಗೆ ಒಪ್ಪಂದವಾಯಿತು. ಇದಕ್ಕೆ ಎದುರಿನವರ ಸಹಕಾರ ಬೇಕೇ ಬೇಕು, ಬ್ರೇಕರ್ ಎಷ್ಟು ಜಾಣವಾಗಿದ್ದರೂ ತಾನೊಂದೇ ಇದನ್ನು ಬಗೆಹರಿಸಲಾರದು. ನೆನಪಿನ ಸಂದೇಶ ಎರಡು ಸಲ ಹೋದರೆ ಕಿರಿಕಿರಿಯಷ್ಟೇ. ಅದೇ ಜಾಗದಲ್ಲಿ ಹಣ ವರ್ಗಾವಣೆಯ ಬ್ಯಾಚ್ ಇದ್ದು ಇಂಥ ಗುರುತು ಇಲ್ಲದಿದ್ದರೆ, ತಾನಾಗಿ ಮತ್ತೆ ಏಳುವ ಬ್ರೇಕರನ್ನು ನಾನು ಕೂರಿಸುವುದಿಲ್ಲ.

ಕಾಯುವುದಕ್ಕೂ ಒಂದು ಗಡಿ ಬೇಕು. ಸದ್ದಿಲ್ಲದೆ ನಿಂತ ಬ್ಯಾಚ್ ಸದ್ದು ಮಾಡಿ ಸೋತ ಬ್ಯಾಚ್‌ಗಿಂತ ಅಪಾಯಕಾರಿ, ಏಕೆಂದರೆ ಲಾಗ್‌ನಲ್ಲಿ ತಪ್ಪುಗಳೇ ಕಾಣುವುದಿಲ್ಲ. ಬ್ರೇಕರ್ ಬಿದ್ದ ಸುದ್ದಿಯನ್ನು ಲಾಗ್‌ನಲ್ಲಿ ಬರೆದರೆ ಸಾಕು, ರಾತ್ರಿ ಪಾಳಿಯವರನ್ನು ಎಬ್ಬಿಸುವುದು ಬೇಡ ಎಂದುಕೊಂಡೆವು. ಬಹಳಷ್ಟು ಸಲ ಅದು ಪರೀಕ್ಷೆಯೊಂದರಲ್ಲಿ ತಾನೇ ಏಳುತ್ತದೆ. ಆದರೆ ಬೆಳಿಗ್ಗೆ 5 ಗಂಟೆಗೆ ಎಷ್ಟು ಹೆಸರು `PENDING` ಇವೆ ಎಂದು ಬೇರೊಂದು ಪುಟ್ಟ ಜಾಬ್ ಎಣಿಸುತ್ತದೆ. ಸೊನ್ನೆಯಲ್ಲದಿದ್ದರೆ ಫೋನು ಹೋಗುತ್ತದೆ. ಆ ಎಣಿಕೆಯನ್ನು ಬ್ಯಾಚ್‌ನೊಳಗೆ ಇಡದೆ ಹೊರಗೆ ಇಟ್ಟದ್ದು ಬೇಕೆಂದೇ. ಕ್ರಾನ್ ಬ್ಯಾಚನ್ನು ಎಬ್ಬಿಸದೇ ಹೋದ ರಾತ್ರಿಯೂ ಅದು ಗೊತ್ತಾಗಬೇಕು.

ಸರ್ವಿಸ್ ಬೆಳಗಿನ ಜಾವಕ್ಕೆ ಎದ್ದರೆ ಉಳಿದ ಹೊತ್ತಿನಲ್ಲಿ ಎಲ್ಲರಿಗೂ ಕಳಿಸಲು ಆಗದೇ ಹೋಗಬಹುದು. ಮೊದಲು ಪಟ್ಟಿ ಪಾಲಿಸಿ ನಂಬರಿನ ಕ್ರಮದಲ್ಲಿ ಬರುತ್ತಿತ್ತು. ಆ ಕ್ರಮದಲ್ಲಿ ಅರ್ಧಕ್ಕೆ ನಿಂತರೆ ಸಂದೇಶ ತಪ್ಪುವುದು ಯಾವಾಗಲೂ ದೊಡ್ಡ ನಂಬರಿನವರಿಗೆ, ಎಂದರೆ ಹೊಸದಾಗಿ ವಿಮೆ ಮಾಡಿಸಿದವರಿಗೆ. ಈಗ `pending_items()` ಕಂತಿನ ಕೊನೆಯ ದಿನ ಹತ್ತಿರ ಇರುವವರನ್ನು ಮೊದಲು ಕೊಡುತ್ತದೆ. ಇವತ್ತೇ ಗಡುವು ಮುಗಿಯುವವರು ಮುಂದೆ, ಇನ್ನೂ ಹತ್ತು ದಿನ ಇರುವವರು ಹಿಂದೆ. ಹಿಂದಿನವರ ಸರದಿ ಬಾರದಿದ್ದರೆ ಮರುದಿನ ರಾತ್ರಿಯ ಪಟ್ಟಿಯಲ್ಲಿ ಅವರ ಹೆಸರು ಮತ್ತೆ ಬರುತ್ತದೆ.